ಪರ್ಷಿಯನ್ ಮರಿಯೋ, ನಾಟಿ ಮರಿಯೋ: ಹಾಸನದಲ್ಲಿ ನಾವು ಬೆಕ್ಕು ಹುಡುಕಿದ ಕಥೆ

ಮನೆಗೊಂದು ಬೆಕ್ಕು ಬೇಕು ಎಂಬುದರಲ್ಲಿ ನಮ್ಮಲ್ಲಿ ಯಾರಿಗೂ ತಕರಾರು ಇರಲಿಲ್ಲ. ತಕರಾರು ಇದ್ದದ್ದು ಯಾವ ಬೆಕ್ಕು ಎಂಬುದರಲ್ಲಿ. ಎಂಟನೆಯ ತರಗತಿಯ ಮಗಳಿಗೆ ಪರ್ಷಿಯನ್ ಮರಿಯೇ ಆಗಬೇಕು. ಹೊಳೆನರಸೀಪುರದ ಕಡೆಯವರಾದ ನಮ್ಮ ಅತ್ತೆಗೆ ಬೆಕ್ಕಿಗೆ ದುಡ್ಡು ಕೊಡುವ ಮಾತೇ ಅರ್ಥವಾಗದು. "ಬೆಕ್ಕನ್ನು ಯಾರಾದರೂ ಕೊಂಡು ತರುತ್ತಾರೇನಮ್ಮ? ಬೇಕು ಎಂದು ಬಾಯಿ ಬಿಟ್ಟರೆ ನಾಲ್ಕು ಮನೆಯವರು ಚೀಲದಲ್ಲಿ ತಂದು ಬಿಟ್ಟು ಹೋಗುತ್ತಾರೆ" ಎಂದರು. ನಮ್ಮ ಯಜಮಾನರು ಎರಡೂ ಕಡೆ ಸೇರದೆ, "ಎರಡರ ಖರ್ಚನ್ನೂ ಬರೆದು ತೋರಿಸು, ಆಮೇಲೆ ನೋಡೋಣ" ಎಂದು ಪತ್ರಿಕೆ ಬಿಡಿಸಿದರು. ಹೀಗೆ ವಿಚಾರಿಸುವ ಕೆಲಸ ನನ್ನ ಪಾಲಿಗೆ ಬಂತು. ಹಾಸನಾಂಬೆಯ ದರ್ಶನಕ್ಕೆ ಊರು ತುಂಬ ಜನ ಸೇರಿದ್ದ ದಿನಗಳಲ್ಲಿ ಶುರುವಾದದ್ದು ಮೊನ್ನೆ ಮಾರ್ಚಿನಲ್ಲಿ ಬೆಕ್ಕಿನ ಶಸ್ತ್ರಚಿಕಿತ್ಸೆಯೊಂದಿಗೆ ಮುಗಿಯಿತು. ಇದೇ ಗೊಂದಲದಲ್ಲಿರುವವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಮೊದಲು ಪರ್ಷಿಯನ್ ಕಡೆಯಿಂದಲೇ ಹೊರಟೆ. ಫೋನಿನಲ್ಲಿ ಮಾರುವವರನ್ನು ಹುಡುಕುವುದು ಕಷ್ಟವೇನಲ್ಲ. ಹಾಸನದಲ್ಲೇ ಇದ್ದಾರೆ, ಮೈಸೂರು, ಬೆಂಗಳೂರಿನಿಂದ ಕಳುಹಿಸಿಕೊಡುವವರೂ ಇದ್ದಾರೆ. ಮಾತನಾಡಿದ ಪ್ರತಿಯೊಬ್ಬರೂ ಮೊದಲು ಕೇಳಿದ್ದು, "ಡಾಲ್ ಫೇಸ್ ಬೇಕೇ ಮೇಡಂ, ಪಂಚ್ ಫೇಸ್ ಬೇಕೇ?" ಎಂದು. ಮೂಗು ಸ್ವಲ್ಪ ಮುಂದೆ ಇದ್ದು ಮುಖ ಸಾಮಾನ್ಯ ಬೆಕ್ಕಿನಂತಿದ್ದರೆ ಡಾಲ್ ಫೇಸ್. ಮೂಗು ಎರಡು ಕಣ್ಣುಗಳ ನಡುವೆ ಒಳಸೇರಿ ಮುಖ ಚಪ್ಪಟೆಯಾಗಿದ್ದರೆ ಪಂಚ್ ಫೇಸ್. ನನಗೆ ಸಿಕ್ಕ ಬೆಲೆಗಳ ಪ್ರಕಾರ ಮೊದಲನೆಯದು ಒಂಬತ್ತರಿಂದ ಹನ್ನೆರಡು ಸಾವಿರ, ಎರಡನೆಯದು ಇಪ್ಪತ್ತೈದು ಸಾವಿರದಿಂದ ಮೇಲೆ. ಮುಖ ಚಪ್ಪಟೆಯಾದಷ್ಟೂ ಬೆಲೆ ಏರುತ್ತದೆ. ಆರೋಗ್ಯದ ಲೆಕ್ಕ ಇದಕ್ಕೆ ತಿರುಗುಮುರುಗು ಎಂಬುದು ಆಮೇಲೆ ತಿಳಿಯಿತು.

"ವಂಶಾವಳಿ ಪತ್ರ ಇದೆಯೇ?" ಎಂದು ನಾನು ಕೇಳತೊಡಗಿದ ಮೇಲೆ ಮಾತಿನ ಧಾಟಿ ಬದಲಾಯಿತು. ಒಬ್ಬರು ಲಸಿಕೆಯ ಪುಸ್ತಕವನ್ನೇ ಪತ್ರ ಎಂದರು. ಇನ್ನೊಬ್ಬರು ತಾಯಿಯ ಫೋಟೊ ಕಳುಹಿಸಿದರು. ನಿಜವಾದ ಪತ್ರವೆಂದರೆ ಬೆಕ್ಕುಗಳ ನೋಂದಣಿ ಸಂಸ್ಥೆಯೊಂದು ಕೊಟ್ಟದ್ದು. ಅದರಲ್ಲಿ ತಂದೆ, ತಾಯಿ, ಅಜ್ಜ, ಅಜ್ಜಿಯರ ಹೆಸರು ಮತ್ತು ನೋಂದಣಿ ಸಂಖ್ಯೆ ಇರುತ್ತದೆ. ಅಂತಹ ಪತ್ರವಿರುವ ಮರಿ ಬೆಂಗಳೂರಿನ ಒಬ್ಬರ ಬಳಿ ಇತ್ತು. ಬೆಲೆ ನಲವತ್ತೈದು ಸಾವಿರ, ಮುಂಗಡ ಕೊಟ್ಟು ಮುಂದಿನ ಸೂಲಿನವರೆಗೆ ಕಾಯಬೇಕು. ಉಳಿದವರೆಲ್ಲ ಮಾರುತ್ತಿದ್ದದ್ದು ಪರ್ಷಿಯನ್‌ನಂತೆ ಕಾಣುವ, ಹಿಂದಿನ ತಲೆಮಾರು ಗೊತ್ತಿಲ್ಲದ ಮರಿಗಳನ್ನು. ಅದರಲ್ಲಿ ಅಪರಾಧವೇನಿಲ್ಲ. ಆದರೆ ಜಾತಿ ಬೆಕ್ಕಿಗೆ ಹೆಚ್ಚು ಹಣ ಕೊಡುವುದೇ ಅದರ ಹಿಂದುಮುಂದು ಗೊತ್ತಿರುತ್ತದೆ ಎಂದು. ಹಿಂದುಮುಂದು ಗೊತ್ತಿಲ್ಲ ಎಂದಾದ ಮೇಲೆ ಕೊಡುವ ಹಣವೆಲ್ಲ ಕೂದಲಿಗೆ ಮತ್ತು ಮೂಗಿಗೆ.

ಕೊನೆಗೆ ಹಾಸನದಲ್ಲೇ ಒಬ್ಬರ ಮನೆಯಲ್ಲಿ ಕೆನೆಬಣ್ಣದ ಡಾಲ್ ಫೇಸ್ ಮರಿಯೊಂದನ್ನು ನೋಡಲು ಹೋದೆವು. ಮಗಳು ಅದನ್ನು ಎತ್ತಿಕೊಂಡ ಮೇಲೆ ಕೆಳಗೆ ಇಳಿಸುವ ಮಾತೇ ಇಲ್ಲ. "ಎರಡು ತಿಂಗಳು ತುಂಬಿದೆ ಮೇಡಂ, ಒಂದು ಲಸಿಕೆ ಆಗಿದೆ, ಇಂದೇ ತೆಗೆದುಕೊಂಡು ಹೋಗಬಹುದು" ಎಂದರು ಮನೆಯವರು. ತಾಯಿ ಎಲ್ಲಿ ಎಂದರೆ ಮಹಡಿಯಲ್ಲಿದೆ, ಮಲಗಿದೆ ಎಂಬ ಉತ್ತರ. ಹಣ ಕೊಡುವ ಮೊದಲು ಪಶುವೈದ್ಯರಿಗೆ ತೋರಿಸುತ್ತೇನೆ ಎಂದು ನಾನು ಹಟ ಹಿಡಿದೆ. ಅವರಿಗೆ ಅದು ಇಷ್ಟವಾಗಲಿಲ್ಲ. ಆದರೂ ತಮ್ಮ ಹುಡುಗನೊಬ್ಬನನ್ನು ಜೊತೆಗೆ ಕಳುಹಿಸಿ ಒಪ್ಪಿದರು. ಈ ಮಾತು ಕೇಳಿಯೇ ಮುಖ ಗಂಟಿಕ್ಕಿ ಬಾಗಿಲು ಹಾಕುವವರಿದ್ದರೆ ಅಲ್ಲಿಂದ ಎದ್ದು ಬರುವುದೇ ಲೇಸು.

ವೈದ್ಯರು ಮರಿಯನ್ನು ಮೊದಲು ತಕ್ಕಡಿಯಲ್ಲಿಟ್ಟರು. 530 ಗ್ರಾಂ. ಬಾಯಿ ತೆರೆದು ನೋಡಿದರು, ಕಣ್ಣಿಗೆ ಟಾರ್ಚ್ ಬಿಟ್ಟರು, ಆಮೇಲೆ ನನ್ನ ಕಡೆ ತಿರುಗಿದರು: "ಇದಕ್ಕೆ ಎರಡು ತಿಂಗಳು ಎಂದು ಯಾರು ಹೇಳಿದರು ಮೇಡಂ? ಐದು ವಾರ ಆಗಿರಬಹುದು, ಅಷ್ಟೇ." ಅವರು ಹೇಳಿಕೊಟ್ಟ ಲೆಕ್ಕ ಯಾರಾದರೂ ನೆನಪಿಟ್ಟುಕೊಳ್ಳಬಹುದಾದದ್ದು. ಹುಟ್ಟಿದಾಗ ಮರಿ ಸುಮಾರು ನೂರು ಗ್ರಾಂ ಇರುತ್ತದೆ; ಆರೋಗ್ಯವಾಗಿದ್ದರೆ ತಿಂಗಳಿಗೆ ಹತ್ತಿರಹತ್ತಿರ ಅರ್ಧ ಕಿಲೋದಂತೆ ಬೆಳೆಯುತ್ತದೆ. ಎಂಟು ವಾರಕ್ಕೆ ಒಂಬೈನೂರು ಗ್ರಾಂ ಆಸುಪಾಸು ಇರಬೇಕು. ಆದರೆ ಹಸಿದ ಮರಿ ಹಗುರವಾಗಿರುವುದೂ ಉಂಟು. ಆದ್ದರಿಂದ ತೂಕವೊಂದನ್ನೇ ನಂಬದೆ ಹಲ್ಲನ್ನೂ ಕಣ್ಣನ್ನೂ ನೋಡಬೇಕು. ಎಂಟು ವಾರದ ಹೊತ್ತಿಗೆ ಹಿಂದಿನ ದವಡೆಯವೂ ಸೇರಿ ಹಾಲುಹಲ್ಲುಗಳು ಬಂದಿರುತ್ತವೆ. ಎಲ್ಲ ಮರಿಗಳೂ ನೀಲಿ ಕಣ್ಣಿನಿಂದಲೇ ಕಣ್ಣು ತೆರೆಯುತ್ತವೆ. ಆರೇಳು ವಾರದಿಂದ ನೀಲಿ ಮಾಸಿ ಹಸಿರೋ ಹಳದಿಯೋ ಇಣುಕತೊಡಗುತ್ತದೆ. ಸಯಾಮಿಯಂತೆ ಮುಖ, ಕಿವಿ, ಪಾದ, ಬಾಲ ಮಾತ್ರ ಕಪ್ಪಾಗಿರುವ ತಳಿಗಳಲ್ಲಿ, ಕೆಲವು ಬಿಳಿ ಬೆಕ್ಕುಗಳಲ್ಲಿ ನೀಲಿ ಹಾಗೆಯೇ ಉಳಿಯುತ್ತದೆ, ಅದು ಬೇರೆ. ಈ ಕೆನೆಬಣ್ಣದ ಮರಿಯ ಕಣ್ಣು ಅಪ್ಪಟ ನೀಲಿ, ಹಿಂದಿನ ಹಲ್ಲುಗಳು ಆಗಷ್ಟೇ ಒಸಡನ್ನು ಸೀಳುತ್ತಿದ್ದವು.

ಲಸಿಕೆಯ ಪುಸ್ತಕವನ್ನು ಅವರು ಒಂದೇ ನೋಟದಲ್ಲಿ ಪಕ್ಕಕ್ಕೆ ಸರಿಸಿದರು. ಲಸಿಕೆ ಹಾಕಿದ್ದರೆ ಸೀಸೆಯ ಮೇಲಿನ ಚೀಟಿಯನ್ನು ಕಿತ್ತು ಪುಸ್ತಕಕ್ಕೆ ಅಂಟಿಸಿರುತ್ತಾರೆ. ಅದರಲ್ಲಿ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ ಇರುತ್ತದೆ. ಪಕ್ಕದಲ್ಲಿ ವೈದ್ಯರ ಸಹಿ ಮತ್ತು ಮೊಹರು. ನಮ್ಮ ಕೈಯಲ್ಲಿದ್ದ ಪುಸ್ತಕದಲ್ಲಿ ಪೆನ್ನಿನಲ್ಲಿ ಬರೆದ ಒಂದು ದಿನಾಂಕ ಮಾತ್ರ ಇತ್ತು. ಕೇಂದ್ರ ಸರ್ಕಾರದ 2018ರ ಸಾಕುಪ್ರಾಣಿ ಅಂಗಡಿ ನಿಯಮಗಳಲ್ಲಿ ಎಂಟು ವಾರ ತುಂಬದ ನಾಯಿಮರಿ, ಬೆಕ್ಕಿನಮರಿಗಳನ್ನು ಮಾರಬಾರದು ಎಂದೇ ಇದೆ. ಪುಟ್ಟ ಮರಿ ಹೆಚ್ಚು ಮುದ್ದಾಗಿ ಕಾಣುತ್ತದೆ, ಬೇಗ ಮಾರಾಟವಾಗುತ್ತದೆ, ಮಾರುವವರಿಗೆ ಆಹಾರದ ಖರ್ಚೂ ಉಳಿಯುತ್ತದೆ. ಎರಡು ತಿಂಗಳು ಎಂಬ ಮಾತು ಅವರ ಬಾಯಲ್ಲಿ ಸಲೀಸಾಗಿ ಬರುವುದು ಅದಕ್ಕೇ.

ಮಗಳ ಕಣ್ಣಲ್ಲಿ ನೀರು. ಇನ್ನೊಂದು ತಿಂಗಳು ಬಿಟ್ಟು ಇದೇ ಮರಿಯನ್ನು ತರೋಣವೇ ಎಂದು ವೈದ್ಯರನ್ನೇ ಕೇಳಿದಳು. ಆಗ ಅವರು ಕುರ್ಚಿ ಎಳೆದು ಕುಳಿತು ಪರ್ಷಿಯನ್‌ನ ವಿಷಯ ಬಿಡಿಸಿ ಹೇಳಿದರು. ಚಪ್ಪಟೆ ಮುಖದ ಬೆಕ್ಕಿನಲ್ಲಿ ಮೂಗಿನ ಹೊಳ್ಳೆ ಕಿರಿದು, ಉಸಿರಾಟ ಕಷ್ಟ, ಸೆಕೆ ತಡೆಯದು. ಕಣ್ಣೀರು ಮೂಗಿಗೆ ಇಳಿಯುವ ನಾಳ ಮಡಿಚಿಕೊಂಡಿರುವುದರಿಂದ ನೀರು ಸದಾ ಕೆನ್ನೆಯ ಮೇಲೆ ಹರಿದು ಕಂದು ಗೆರೆ ಮೂಡುತ್ತದೆ, ದಿನವೂ ಒರೆಸಬೇಕು. ದವಡೆ ಚಿಕ್ಕದಾಗಿ ಹಲ್ಲುಗಳು ಒತ್ತಿಕೊಳ್ಳುತ್ತವೆ. ಡಾಲ್ ಫೇಸ್‌ನಲ್ಲಿ ಇವೆಲ್ಲ ಕಡಿಮೆ. ಕಣ್ಣಿಗೆ ಕಾಣುವ ತೊಂದರೆಗಳಾದ್ದರಿಂದ ಕೊಳ್ಳುವಾಗಲೇ ಅಂದಾಜು ಸಿಗುತ್ತದೆ. ಕಣ್ಣಿಗೆ ಕಾಣದ್ದು ಮೂತ್ರಪಿಂಡದ ತೊಂದರೆ. ಪರ್ಷಿಯನ್‌ಗಳಲ್ಲಿ ಹುಟ್ಟಿನಿಂದಲೇ ಮೂತ್ರಪಿಂಡದಲ್ಲಿ ಸಣ್ಣ ನೀರುಗುಳ್ಳೆಗಳಿರುವ ವಂಶವಾಹಿ ಕಾಯಿಲೆಯೊಂದಿದೆ. ಪಿಕೆಡಿ ಎನ್ನುತ್ತಾರೆ. ಗುಳ್ಳೆಗಳು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಬೆಕ್ಕಿಗೆ ಏಳೆಂಟು ವರ್ಷವಾಗುವ ಹೊತ್ತಿಗೆ ಮೂತ್ರಪಿಂಡವನ್ನೇ ನುಂಗಿರುತ್ತವೆ. ಪರೀಕ್ಷೆ ಬರುವ ಮೊದಲಿನ ಸಮೀಕ್ಷೆಗಳಲ್ಲಿ ಹಲವು ದೇಶಗಳಲ್ಲಿ ಮೂರು ಪರ್ಷಿಯನ್‌ಗಳಲ್ಲಿ ಒಂದಕ್ಕೆ ಇದು ಕಂಡುಬಂದಿತ್ತಂತೆ.

"ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೂ ಸಾಕು, ಪ್ರತಿ ಮರಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ" ಎಂದರು ಅವರು. ಕಾರಣವಾದ ವಂಶವಾಹಿಯ ದೋಷ 2004ರಲ್ಲೇ ಪತ್ತೆಯಾಗಿದೆ. ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಒರೆಸಿ ಪ್ರಯೋಗಾಲಯಕ್ಕೆ ಕಳುಹಿಸಿದರೆ ಯಾವ ವಯಸ್ಸಿನಲ್ಲೂ ತಿಳಿಯುತ್ತದೆ. ಸ್ಕ್ಯಾನ್ ಮಾಡಿಸಿದರೂ ಕಾಣುತ್ತದೆ, ಆದರೆ ಪುಟ್ಟ ಮರಿಯಲ್ಲಿ ಗುಳ್ಳೆಗಳು ತೀರಾ ಚಿಕ್ಕವಾದ್ದರಿಂದ ತಪ್ಪಿಹೋಗಬಹುದು. ಹತ್ತು ತಿಂಗಳಾದ ಮೇಲಿನ ಸ್ಕ್ಯಾನ್ ನಂಬಿಕೆಗೆ ಅರ್ಹ. ಆದ್ದರಿಂದ ಕೊಳ್ಳುವವರು ಕೇಳಬೇಕಾದದ್ದು ಮರಿಯ ಸ್ಕ್ಯಾನನ್ನಲ್ಲ, ತಂದೆ ತಾಯಿಯರ ಪಿಕೆಡಿ ವರದಿಯನ್ನು. ಆ ಸಂಜೆಯಿಂದ ನಾನು ಮತ್ತೆ ಎಲ್ಲರಿಗೂ ಫೋನ್ ಮಾಡಿದೆ. ವರದಿ ಇದೆ ಎಂದವರು ಬೆಂಗಳೂರಿನವರು ಮಾತ್ರ. ಹಾಸನದಲ್ಲಿ ಒಬ್ಬರು, "ನಮ್ಮ ಬೆಕ್ಕುಗಳಿಗೆ ಅಂತಹ ಕಾಯಿಲೆಯೆಲ್ಲ ಇಲ್ಲ ಮೇಡಂ, ಬೇಕಾದರೆ ಮನೆಗೆ ಬಂದು ನೋಡಿ" ಎಂದು ಬೇಸರ ಮಾಡಿಕೊಂಡರು. ಮೂತ್ರಪಿಂಡವನ್ನು ಮನೆಗೆ ಹೋಗಿ ನೋಡುವುದು ಹೇಗೋ!

ಪರ್ಷಿಯನ್ ಸಾಕಿದವರ ಮಾತನ್ನೂ ಕೇಳಬೇಕಲ್ಲ. ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ನಾಲ್ಕು ವರ್ಷದ ಗಂಡು ಪರ್ಷಿಯನ್ ಇದೆ. ಆ ಬೆಕ್ಕಿನ ಸ್ವಭಾವವನ್ನು ನೋಡಿ ನನಗೂ ಆಸೆಯಾದದ್ದು ಸುಳ್ಳಲ್ಲ. ಪರದೆ ಹತ್ತುವುದಿಲ್ಲ, ಅಟ್ಟ ಹಾರುವುದಿಲ್ಲ, ಬಾಗಿಲು ತೆರೆದಿದ್ದರೂ ಹೊರಗೆ ಹೋಗುವ ಯೋಚನೆಯಿಲ್ಲ, ಸೋಫಾದ ಒಂದು ಮೂಲೆಯೇ ಅದರ ಪ್ರಪಂಚ. ಫ್ಲ್ಯಾಟಿನಲ್ಲಿರುವ ವಯಸ್ಸಾದವರಿಗೆ ಹೇಳಿ ಮಾಡಿಸಿದ ಬೆಕ್ಕು. ಆದರೆ ದಿನಕ್ಕೆ ಕಾಲು ಗಂಟೆ ಬಾಚಣಿಗೆ ಹಿಡಿಯಲೇಬೇಕು. ಎರಡು ದಿನ ಬಿಟ್ಟರೆ ತೋಳಿನ ಸಂದಿಯಲ್ಲಿ, ಹೊಟ್ಟೆಯ ಕೆಳಗೆ ಕೂದಲು ಗಂಟಾಗಿ ಚರ್ಮವನ್ನೇ ಎಳೆಯುತ್ತದೆ. ಕಳೆದ ಮಳೆಗಾಲದಲ್ಲಿ ಅದಕ್ಕೆ ಹುಳುಕಡ್ಡಿ ಹತ್ತಿ, ಅವರ ಮಗನ ಕುತ್ತಿಗೆಗೂ ದುಂಡನೆಯ ಕೆಂಪು ಕಲೆ ಬಂದು, ಇಬ್ಬರಿಗೂ ಎರಡು ತಿಂಗಳು ಔಷಧಿ ನಡೆಯಿತಂತೆ. ಉದ್ದ ಕೂದಲಿನ ಬೆಕ್ಕು ನೆಕ್ಕಿ ಮೈ ಶುಚಿ ಮಾಡಿಕೊಂಡರೂ ಬುಡಕ್ಕೆ ನಾಲಿಗೆ ಮುಟ್ಟುವುದಿಲ್ಲ, ಶಿಲೀಂಧ್ರಕ್ಕೆ ಅಷ್ಟು ಸಾಕು. ಮಲೆನಾಡಿನ ಅಂಚಿನ ನಮ್ಮೂರಿನ ಜೂನ್, ಜುಲೈ ತಂಡಿಯಲ್ಲಿ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಬೆಳಿಗ್ಗೆ ಏಳೂವರೆಗೆ ಮೂವರೂ ಮನೆಯಿಂದ ಹೊರಬೀಳುವ ನಮಗೆ ದಿನದ ಆ ಕಾಲು ಗಂಟೆಯೇ ದೊಡ್ಡದು. ನಲವತ್ತೈದು ಸಾವಿರ ಕೊಡುವ ಶಕ್ತಿಯೂ ಇಲ್ಲ. ವರದಿಯಿಲ್ಲದ ಮರಿ ಬೇಡವೆಂದು ನಾನು ತೀರ್ಮಾನಿಸಿದೆ. ಮಗಳನ್ನು ಒಪ್ಪಿಸಲು ದೀಪಾವಳಿ ಕಳೆಯಿತು.

ಡಿಸೆಂಬರಿನಲ್ಲಿ ಸಕಲೇಶಪುರದ ಹತ್ತಿರ ನಮ್ಮ ಭಾವನವರ ಕಾಫಿ ತೋಟಕ್ಕೆ ಹೋದೆವು. ಕುಯ್ಲಿನ ಕಾಲ, ಎಲ್ಲರಿಗೂ ಕೈತುಂಬ ಕೆಲಸ. ಅಲ್ಲಿ ಆಯುಧಪೂಜೆಯ ಸುಮಾರಿಗೆ ಹುಟ್ಟಿದ ಎರಡು ಸೂಲಿನ ಮರಿಗಳಿದ್ದವು, ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಒಂದು ಸೂಲು ಕಾಫಿ ಗೋದಾಮಿನಲ್ಲಿ ಚೀಲಗಳ ಹಿಂದೆ ಬೆಳೆದದ್ದು. ಇನ್ನೊಂದು ಲೈನ್ ಮನೆಯ ಮೇಸ್ತ್ರಿಯ ಅಡುಗೆಮನೆಯಲ್ಲಿ, ಸೌದೆ ಒಟ್ಟಿದ ಮೂಲೆಯಲ್ಲಿ. ಗೋದಾಮಿನವು ನೋಡಲು ಬಹಳ ಚೆನ್ನಾಗಿದ್ದವು. ಒಂದಕ್ಕಂತೂ ಹುಲಿಯಂತಹ ಪಟ್ಟೆ. ಆದರೆ ನಾವು ಬಾಗಿಲಲ್ಲಿ ನಿಂತರೆ ಸಾಕು, ಕಿವಿ ಹಿಂದಕ್ಕೆ ಮಡಚಿ ಬುಸ್ ಎಂದು ಚೀಲದ ಸಂದಿಗೆ ನುಗ್ಗುತ್ತಿದ್ದವು. ಮೇಸ್ತ್ರಿ ಮನೆಯ ಮರಿಗಳು ನಮ್ಮ ಚಪ್ಪಲಿಯ ಮೇಲೆ ಹತ್ತಿ ಕುಳಿತವು.

ಈ ವ್ಯತ್ಯಾಸದ ಕಾರಣವನ್ನು ನಮ್ಮ ವೈದ್ಯರು ಮೊದಲೇ ಹೇಳಿ ಕಳುಹಿಸಿದ್ದರು. ಬೆಕ್ಕಿನ ಮರಿ ಮನುಷ್ಯರನ್ನು ತನ್ನವರೆಂದು ಒಪ್ಪಿಕೊಳ್ಳುವುದು ಎರಡರಿಂದ ಏಳು ವಾರದ ವಯಸ್ಸಿನೊಳಗೆ. ಆಗ ದಿನವೂ ಒಂದಿಷ್ಟು ಹೊತ್ತು ಮನುಷ್ಯರ ಕೈಗೆ ಸಿಕ್ಕಿದ ಮರಿ ಜೀವನವಿಡೀ ಮನುಷ್ಯರನ್ನು ನಂಬುತ್ತದೆ. ಆ ಕಾಲ ದಾಟಿದ ಮೇಲೆ ತಿದ್ದಬಹುದು, ಆದರೆ ತಿಂಗಳುಗಟ್ಟಲೆ ತಾಳ್ಮೆ ಬೇಕು. ಆ ಮರಿಗಳು ಕಣ್ಣು ಬಿಟ್ಟಾಗಿನಿಂದ ಮೇಸ್ತ್ರಿಯ ಚಿಕ್ಕ ಮಕ್ಕಳಿಬ್ಬರು ಅವನ್ನು ಮಡಿಲಿನಿಂದ ಇಳಿಸಿರಲಿಲ್ಲ. ಸ್ವಭಾವದ ಇನ್ನೊಂದು ಪಾಲು ತಂದೆಯಿಂದ ಬರುತ್ತದಂತೆ. ಧೈರ್ಯದ ಗಂಡಿನ ಮರಿಗಳು ಅದನ್ನು ನೋಡದೆಯೇ ಬೆಳೆದರೂ ಧೈರ್ಯವಾಗಿಯೇ ಇರುತ್ತವೆ. ತೋಟದ ಬೆಕ್ಕಿನ ತಂದೆ ಯಾರೆಂದು ಹೇಳುವವರು ಯಾರು! ತಾಯಿಯನ್ನಾದರೂ ನೋಡಬೇಕು. ಈ ತಾಯಿ ನಮ್ಮ ಮುಂದೆಯೇ ಬಂದು ಮಲಗಿ ಮೊಲೆ ಕೊಟ್ಟಿತು. ಹಾಸನದಲ್ಲಿ ಮಹಡಿಯಲ್ಲಿದ್ದ ಆ ತಾಯಿ ನೆನಪಾಯಿತು. ಪರ್ಷಿಯನ್ ಸೌಮ್ಯ, ನಾಟಿ ಕಾಡು ಎಂದು ಎಲ್ಲರೂ ಹೇಳುತ್ತಾರೆ. ಒಟ್ಟಾರೆಯಾಗಿ ನೋಡಿದರೆ ಪರ್ಷಿಯನ್ ಓಡಾಟ ಕಡಿಮೆ ಎಂಬುದು ನಿಜ. ಆದರೆ ಪಂಜರದಲ್ಲಿ ಮುಟ್ಟುವವರಿಲ್ಲದೆ ಬೆಳೆದ ಪರ್ಷಿಯನ್ ಮರಿಗಿಂತ ಅಡುಗೆಮನೆಯಲ್ಲಿ ಬೆಳೆದ ನಾಟಿ ಮರಿ ಮಕ್ಕಳಿರುವ ಮನೆಗೆ ಎಷ್ಟೋ ಹಿತ.

ಪರೀಕ್ಷಿಸುವ ಕ್ರಮ ಸರಳ. ನೆಲದ ಮೇಲೆ ಕುಳಿತು ಬೆರಳು ಚಾಚಿ ಸುಮ್ಮನಿರಬೇಕು. ಮೂಸಲು ಬರುವ ಮರಿಯನ್ನು ಗುರುತು ಮಾಡಿಕೊಳ್ಳಬೇಕು. ಎತ್ತಿಕೊಂಡಾಗ ಕೊಸರಾಡಿದರೂ ಕೆಲವು ಕ್ಷಣದಲ್ಲಿ ಮೈ ಸಡಿಲ ಬಿಡಬೇಕು. ಸ್ವಲ್ಪ ದೂರದಲ್ಲಿ ಕೀಲಿಕೈ ಗೊಂಚಲನ್ನು ಬೀಳಿಸಿದರೆ ಎಲ್ಲವೂ ಬೆದರುತ್ತವೆ. ಬೆದರಿದ್ದು ಮತ್ತೆ ಬಂದು ಅದೇನೆಂದು ನೋಡಬೇಕು. ಮೇಸ್ತ್ರಿ ಮನೆಯ ಮರಿಗಳಲ್ಲಿ ಹಾಗೆ ಮೊದಲು ಹಿಂದಿರುಗಿದ್ದು ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣದ ಮರಿ. ಬಾಲ ಎತ್ತಿ ನೋಡದೆಯೇ ಅದು ಹೆಣ್ಣೆಂದು ಹೇಳಬಹುದು, ಮೂರು ಬಣ್ಣದ ಬೆಕ್ಕುಗಳಲ್ಲಿ ಗಂಡು ತೀರಾ ಅಪರೂಪ. ಮಗಳು ಅಲ್ಲೇ ರಂಗಿ ಎಂದು ಹೆಸರಿಟ್ಟಳು. "ತೆಗೆದುಕೊಂಡು ಹೋಗಿ ಅಕ್ಕ, ಇನ್ನೂ ಮೂರಿವೆ" ಎಂದು ಮೇಸ್ತ್ರಿಯ ಹೆಂಡತಿ ನಕ್ಕರು. ತಾಯಿ ಮಲಗುತ್ತಿದ್ದ ಹಳೆಯ ಸೀರೆಯ ತುಂಡೊಂದನ್ನು ನಾನು ಕೇಳಿ ತಂದೆ. ಮೊದಲ ರಾತ್ರಿಗಳಲ್ಲಿ ಆ ವಾಸನೆ ಬಹಳ ಉಪಕಾರ ಮಾಡಿತು.

ಅನಿರೀಕ್ಷಿತ ತೊಡಕು ಬಂದದ್ದು ಹಿಂದಿರುಗುವ ದಾರಿಯಲ್ಲೇ. ಬಾಳ್ಳುಪೇಟೆ ದಾಟುವಾಗ ಲಾರಿಯ ಹಾರ್ನ್‌ಗೆ ಬೆದರಿದ ರಂಗಿ ರಟ್ಟಿನ ಪೆಟ್ಟಿಗೆಯಿಂದ ಹಾರಿ ಮಗಳ ಮುಂಗೈ ಪರಚಿತು, ಎರಡು ಹನಿ ರಕ್ತ ಬಂತು. ಮನೆಗೆ ಬಂದ ಕೂಡಲೇ ಸೋಪು ಹಚ್ಚಿ ನಲ್ಲಿಯ ಕೆಳಗೆ ಹದಿನೈದು ನಿಮಿಷ ತೊಳೆಸಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚೀಟಿ ಮಾಡಿಸಿ, ಸಾಲಿನಲ್ಲಿ ನಿಂತು, ಒಳಗೆ ಹೋದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ರಕ್ತ ಬಂತೇ?" ಎಂದು. ರಕ್ತ ಬಾರದ ಪರಚುಗಾಯಕ್ಕೆ ರೇಬೀಸ್ ಲಸಿಕೆ ಸಾಕು. ರಕ್ತ ಬಂದರೆ ವೈರಸ್ಸನ್ನು ಕೂಡಲೇ ತಡೆಯುವ ಇಮ್ಯುನೊಗ್ಲಾಬ್ಯುಲಿನ್ ಎಂಬ ಮದ್ದನ್ನೂ ಗಾಯದ ಸುತ್ತ ಚುಚ್ಚಬೇಕು. ಲಸಿಕೆ ತೋಳಿಗೆ, ಮೊದಲ ದಿನ, ಆಮೇಲೆ ಮೂರು, ಏಳು ಮತ್ತು ಇಪ್ಪತ್ತೆಂಟನೆಯ ದಿನ. ಹಣವೇನೂ ಕೊಡಬೇಕಾಗಿರಲಿಲ್ಲ. "ಎರಡು ತಿಂಗಳ ಮರಿಗೆ ಎಲ್ಲಿಯ ರೇಬೀಸ್" ಎಂದು ಅತ್ತೆ ಗೊಣಗಿದರು. ತಾಯಿಗೆ ಲಸಿಕೆಯಿಲ್ಲ, ತೋಟದಲ್ಲಿ ನಾಯಿ, ನರಿ, ಮುಂಗುಸಿ ಎಲ್ಲ ಓಡಾಡುತ್ತವೆ. ಈ ಕಾಯಿಲೆ ಬಂದ ಮೇಲೆ ಔಷಧಿಯಿಲ್ಲ. ನಾಟಿ ಮರಿ ತರುವವರು ಬಾಗಿಲು ಭದ್ರವಾಗಿರುವ ಪ್ಲಾಸ್ಟಿಕ್ ಪೆಟ್ಟಿಗೆ ಒಯ್ಯಿರಿ. ಎಂಟುನೂರು ರೂಪಾಯಿಗೆ ಸಿಗುತ್ತದೆ, ಮುಂದೆ ಪ್ರತಿ ಸಲ ವೈದ್ಯರಲ್ಲಿಗೆ ಹೋಗುವಾಗಲೂ ಬೇಕು.

ನಾಟಿ ಬೆಕ್ಕಿಗೆ ಕಾಯಿಲೆ ಬರುವುದಿಲ್ಲ ಎಂಬುದು ನಮ್ಮ ಕಡೆ ಎಲ್ಲರೂ ಆಡುವ ಮಾತು. ಹುಟ್ಟಿನಿಂದ ಬರುವ ದೋಷಗಳು ಕಡಿಮೆ ಎಂಬುದು ಸರಿ, ನೂರಾರು ಕಡೆಯ ರಕ್ತ ಬೆರೆತಿರುತ್ತದೆ. ಆದರೆ ಹೊರಗಿನಿಂದ ಬರುವ ಕಾಯಿಲೆಗೆ ಜಾತಿಯ ಭೇದವಿಲ್ಲ. ನಮ್ಮ ವೈದ್ಯರು ರಂಗಿಯನ್ನು ನೋಡಿದವರೇ, ತೋಟದಲ್ಲಿ ಕಳೆದ ಒಂದು ವರ್ಷದಲ್ಲಿ ವಾಂತಿ ಭೇದಿಯಾಗಿ ಮರಿಗಳು ಸತ್ತಿವೆಯೇ ಎಂದು ಕೇಳಿದರು. ಫೋನ್ ಮಾಡಿ ವಿಚಾರಿಸಿದರೆ ಮಳೆಗಾಲದಲ್ಲಿ ಒಂದು ಸೂಲು ಪೂರ್ತಿ ಹೋಗಿತ್ತು. ಅವರ ಮುಖ ಗಂಭೀರವಾಯಿತು. ಬೆಕ್ಕಿನ ಪಾರ್ವೊ ಎಂದು ಕರೆಯುವ ಪ್ಯಾನ್‌ಲ್ಯುಕೋಪೀನಿಯದ ವೈರಸ್ ನೆಲದಲ್ಲಿ, ಚೀಲದಲ್ಲಿ ಒಂದು ವರ್ಷದವರೆಗೂ ಬದುಕಿರಬಲ್ಲದು. ಮರಿಗೆ ತಗುಲಿದರೆ ಉಳಿಯುವುದು ಕಷ್ಟ.

ವಾರದೊಳಗೆ ಒಂದು ಬೆಳಿಗ್ಗೆ ರಂಗಿ ವಾಂತಿ ಮಾಡಿತು, ಭೇದಿಯೂ ಆಯಿತು. ಆ ದಿನ ನಾನು ಶಾಲೆಗೆ ರಜೆ ಹಾಕಿದೆ. ವೈದ್ಯರು ಮಲದ ಮಾದರಿಯನ್ನು ಪಟ್ಟಿಯ ಮೇಲೆ ಹಾಕಿ ಪಾರ್ವೊ ಪರೀಕ್ಷೆ ಮಾಡಿದರು, ಹತ್ತು ನಿಮಿಷ ಕಾಯಬೇಕು. ಆ ಬೆಂಚಿನ ಮೇಲೆ ಕುಳಿತ ಹತ್ತು ನಿಮಿಷ ಯಾರಿಗೂ ಬೇಡ. ಒಂದೇ ಗೆರೆ ಬಂತು, ಅಂದರೆ ವೈರಸ್ ಇಲ್ಲ. ಮಧ್ಯಾಹ್ನ ವಾಂತಿಯಲ್ಲಿ ಬಿಳಿ ಜಂತುಹುಳುಗಳು ಕಂಡವು, ಉತ್ತರ ಸಿಕ್ಕಿತು. ಪಾರ್ವೊ ಆದ ಮರಿ ಜ್ವರದಿಂದ ಮುದುಡಿ, ನೀರಿನ ಬಟ್ಟಲಿನ ಮುಂದೆಯೇ ತಲೆ ತೂಗಿಸಿ ಕೂರುತ್ತದೆ, ಕುಡಿಯುವುದಿಲ್ಲವಂತೆ; ರಂಗಿ ವಾಂತಿಯ ನಡುವೆಯೂ ಆಡುತ್ತಿತ್ತು. ಹಾಗೆಂದು ಮನೆಯಲ್ಲೇ ತೀರ್ಮಾನಿಸಬೇಡಿ, ಮರಿಯ ವಾಂತಿ ಭೇದಿಗೆ ಮರುದಿನ ಎಂಬುದಿಲ್ಲ. ಇನ್ನೊಂದು ಮಾತು: ಲಸಿಕೆ ಹಾಕಿದ ಮರುವಾರದಲ್ಲಿ ಈ ಪಟ್ಟಿಯ ಪರೀಕ್ಷೆ ಮಾಡಿದರೆ ಲಸಿಕೆಯಿಂದಲೇ ಎರಡನೆಯ ಗೆರೆ ಬರಬಹುದು, ಆದ್ದರಿಂದ ಲಸಿಕೆಯ ದಿನಾಂಕವನ್ನು ವೈದ್ಯರಿಗೆ ಹೇಳಿ.

ಹುಳುವಿನ ಔಷಧಿ ಎರಡು ವಾರಕ್ಕೊಮ್ಮೆ ಕೊಟ್ಟು, ಚೇತರಿಸಿಕೊಂಡ ಮೇಲೆ ಟ್ರೈಕ್ಯಾಟ್ ಎಂದು ಕರೆಯುವ ಮೂರು ಕಾಯಿಲೆಗಳ ಲಸಿಕೆ ಶುರುವಾಯಿತು. ಅದನ್ನು ಮೂರು ನಾಲ್ಕು ವಾರಕ್ಕೊಮ್ಮೆ, ಮರಿಗೆ ಹದಿನಾರು ವಾರ ತುಂಬುವವರೆಗೆ ಕೊಡುತ್ತಾರೆ. ಒಂದೇ ಸಲ ಯಾಕೆ ಸಾಲದು ಎಂದರೆ, ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿರುವವರೆಗೆ ಅದು ಲಸಿಕೆಯನ್ನೂ ಕೆಲಸ ಮಾಡಗೊಡುವುದಿಲ್ಲ. ಆ ರಕ್ಷಣೆ ಯಾವ ವಾರ ಇಳಿಯುತ್ತದೆ ಎಂಬುದು ಮರಿಯಿಂದ ಮರಿಗೆ ಬೇರೆ. "ಒಂದು ಲಸಿಕೆ ಆಗಿದೆ" ಎಂಬ ಮಾರುವವರ ಮಾತಿಗೆ ಎಷ್ಟು ಬೆಲೆ ಎಂಬುದು ಇದರಿಂದ ತಿಳಿಯುತ್ತದೆ. ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಲಸಿಕೆಯನ್ನೂ ಹಾಕಿಸಿದೆವು.

ಯಜಮಾನರು ಕೇಳಿದ್ದ ಲೆಕ್ಕ ಹೀಗಾಯಿತು. ಲಸಿಕೆಗಳು, ಹುಳುವಿನ ಔಷಧಿ, ವೈದ್ಯರ ಶುಲ್ಕ ಸೇರಿ ಸುಮಾರು ನಾಲ್ಕೂವರೆ ಸಾವಿರ. ಶಸ್ತ್ರಚಿಕಿತ್ಸೆಗೆ ಇನ್ನೂ ನಾಲ್ಕೂವರೆ. ಪೆಟ್ಟಿಗೆ, ಮಲದ ತಟ್ಟೆ, ಬಟ್ಟಲುಗಳಿಗೆ ಎರಡು ಸಾವಿರ. ತಿಂಗಳ ಆಹಾರ ಮತ್ತು ತಟ್ಟೆಗೆ ಹಾಕುವ ಲಿಟರ್ ಮರಳಿಗೆ ಸಾವಿರದ ಏಳುನೂರು, ಅಂದರೆ ವರ್ಷಕ್ಕೆ ಇಪ್ಪತ್ತು ಸಾವಿರದ ನಾಲ್ಕುನೂರು. ಪುಕ್ಕಟೆ ಬಂದ ಬೆಕ್ಕಿನ ಮೊದಲ ವರ್ಷ ಮೂವತ್ತೊಂದು ಸಾವಿರದ ಮೇಲೆ! ಅತ್ತೆಗೆ ಇದನ್ನು ತೋರಿಸಿಲ್ಲ. ಸಹೋದ್ಯೋಗಿಯ ಪರ್ಷಿಯನ್‌ಗೂ ಇವೆಲ್ಲ ಇದ್ದದ್ದೇ. ಅದರ ಮೇಲೆ ಮರಿಯ ಬೆಲೆ ಹನ್ನೆರಡು ಸಾವಿರ, ಬಾಚಣಿಗೆ, ಶಾಂಪೂ, ಕೂದಲು ಕತ್ತರಿಸುವವರು, ಚರ್ಮದ ಔಷಧಿ ಎಂದು ವರ್ಷಕ್ಕೆ ಆರೇಳು ಸಾವಿರ. ಅನ್ನ ಹಾಲು ಹಾಕಿ ಖರ್ಚು ಉಳಿಸಬಹುದಲ್ಲ ಎಂಬ ಸಲಹೆ ಎಲ್ಲ ಕಡೆಯಿಂದ ಬಂತು. ಬೆಕ್ಕಿಗೆ ಟಾರಿನ್ ಎಂಬ ಪೋಷಕಾಂಶ ಮಾಂಸದಿಂದಲೇ ಸಿಗಬೇಕು, ಇಲ್ಲದಿದ್ದರೆ ಕಾಲಕ್ರಮದಲ್ಲಿ ಕಣ್ಣು, ಹೃದಯ ಎರಡೂ ಕೆಡುತ್ತವೆ. ತೋಟದ ಬೆಕ್ಕು ಇಲಿ ಹಿಡಿದು ತಿನ್ನುವುದರಿಂದ ಅನ್ನದ ಮೇಲೂ ಬದುಕುತ್ತದೆ. ಮಹಡಿ ಮನೆಯ ರಂಗಿಗೆ ಇಲಿ ಎಲ್ಲಿಂದ ತರುವುದು?

ಸ್ವಭಾವದಲ್ಲಿ ರಂಗಿ ಪರ್ಷಿಯನ್ ಅಲ್ಲವೇ ಅಲ್ಲ. ನಸುಕಿನ ನಾಲ್ಕು ಗಂಟೆಗೆ ಅದಕ್ಕೆ ಬೆಳಗಾಗುತ್ತದೆ. ಪರದೆಗಳಲ್ಲಿ ಎಳೆ ಬಿಟ್ಟಿಲ್ಲ. ರಾತ್ರಿ ಮಲಗುವ ಮುನ್ನ ಹಗ್ಗ ಎಳೆದು ಚೆನ್ನಾಗಿ ಓಡಾಡಿಸಿ, ಆಮೇಲೆ ಊಟ ಹಾಕಿದರೆ ಐದೂವರೆಯವರೆಗೆ ನಿದ್ದೆ ಸಿಗುತ್ತದೆ. ಬಾಲ್ಕನಿಗೆ ಸೊಳ್ಳೆ ಪರದೆ ಹಾಕಿದ್ದೆವು, ಉಗುರಿನಿಂದ ಸೀಳಿತು. ಕೊನೆಗೆ ಸ್ಟೀಲ್ ಜಾಲರಿ ಹಾಕಿಸಿದೆವು. ಮನೆ ಮಾಲೀಕರು ಗೋಡೆಗೆ ತೂತು ಕೊರೆಯಬಾರದು ಎಂದು ಒಂದು ವಾರ ಸತಾಯಿಸಿ, ಖಾಲಿ ಮಾಡುವಾಗ ಮುಚ್ಚಿಸಿ ಕೊಡುತ್ತೇವೆ ಎಂದು ಬರೆದುಕೊಟ್ಟ ಮೇಲೆ ಒಪ್ಪಿದರು. ಬಾಡಿಗೆ ಮನೆಯವರು ಈ ಮಾತನ್ನು ಬೆಕ್ಕು ತರುವ ಮೊದಲೇ ಮುಗಿಸಿಕೊಳ್ಳಿ.

ಫೆಬ್ರವರಿಯ ಕೊನೆಯಲ್ಲಿ ರಂಗಿ ರಾತ್ರಿಯಿಡೀ ವಿಚಿತ್ರವಾಗಿ ಕೂಗುತ್ತಾ ನೆಲದಲ್ಲಿ ಹೊರಳಾಡತೊಡಗಿತು. ಹೊಟ್ಟೆನೋವು ಎಂದು ಮಗಳು ಗಾಬರಿಯಾದಳು, ಬೆದೆಗೆ ಬಂದಿದೆ ಎಂದು ಅತ್ತೆ ಹೇಳಿದರು. ನಾಲ್ಕು ತಿಂಗಳಿಗೇ ಬೆದೆಗೆ ಬರುವ ಹೆಣ್ಣುಗಳಿವೆ. ಆದ್ದರಿಂದ ಸಂತಾನಹರಣಕ್ಕೆ ಆರು ತಿಂಗಳವರೆಗೆ ಕಾಯದೆ ಐದರೊಳಗೇ ದಿನ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು. ನಮಗೆ ಕೂಗು ನಿಂತ ಮೇಲೆ, ಮಾರ್ಚ್ ಎರಡನೆಯ ವಾರದಲ್ಲಿ ದಿನ ಸಿಕ್ಕಿತು. ಬೆಳಿಗ್ಗೆ ಬಿಟ್ಟು ಸಂಜೆ ಕರೆತಂದೆವು. ಎಷ್ಟು ಗಂಟೆಯಿಂದ ಉಪವಾಸ ಎಂಬುದನ್ನು ವೈದ್ಯರನ್ನೇ ಕೇಳಿ, ದೊಡ್ಡವರ ಹಾಗೆ ರಾತ್ರಿಯಿಡೀ ಉಪವಾಸ ಕೆಡವಿದರೆ ಪುಟ್ಟ ಮೈಯಲ್ಲಿ ಸಕ್ಕರೆ ಇಳಿಯುತ್ತದೆ. ನೋವಿಗೆ ಅವರು ಕೊಟ್ಟ ಔಷಧಿಯ ಹೊರತು ಮನೆಯ ಯಾವ ಮಾತ್ರೆಯನ್ನೂ ಕೊಡಬೇಡಿ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಸಾಕು, ಬೆಕ್ಕಿನ ಜೀವ ತೆಗೆಯಬಲ್ಲದು. ಹೊಲಿಗೆ ನೆಕ್ಕದಂತೆ ಕೊರಳಿಗೆ ಹಾಕುವ ಪ್ಲಾಸ್ಟಿಕ್ ಕೊಡೆಯನ್ನು ರಂಗಿ ಒಂದು ಗಂಟೆಯಲ್ಲಿ ಕಳಚಿ ಎಸೆಯಿತು. ಹಳೆಯ ಬನಿಯನ್ನಿನ ತೋಳು ಕತ್ತರಿಸಿ, ನಾಲ್ಕು ಕಾಲಿಗೆ ತೂತು ಮಾಡಿ ತೊಡಿಸಿದ ಅಂಗಿ ಹೊಲಿಗೆ ಬಿಚ್ಚುವವರೆಗೂ ನಿಂತಿತು.